ಉತ್ತರ ಮೊದಲು, ಕಾರಣ ಅದರ ಕೆಳಗೆ: ಮ್ಯಾನೇಜ್‌ಮೆಂಟ್ ಬ್ರೀಫಿಂಗ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಡಿ, ಬೋರ್ಡ್ ಅಥವಾ ವಿಭಾಗದ ಮುಖ್ಯಸ್ಥರಿಗೆ ಒಂದೆರಡು ಪುಟದ ಟಿಪ್ಪಣಿ ಬರೆದು ಒಪ್ಪಿಗೆ ಪಡೆಯಬೇಕಾದವರಿಗೆ ಈ ಪುಟ. ಪಿರಮಿಡ್ ಸೂತ್ರದ ಎಲ್ಲ ಮೂಲೆಗಳನ್ನೂ ಇಲ್ಲಿ ಮುಟ್ಟಿಲ್ಲ. ಒಂದೇ ಉದಾಹರಣೆಯನ್ನು ಮೊದಲ ಕರಡಿನಿಂದ ಕೊನೆಯ ಟಿಪ್ಪಣಿಯವರೆಗೆ ಕೊಂಡೊಯ್ದಿದ್ದೇನೆ. ಉದಾಹರಣೆಯ ಕಂಪನಿ ಮತ್ತು ಅದರ ಅಂಕಿಗಳು ಅಭ್ಯಾಸಕ್ಕಾಗಿ ಕಟ್ಟಿಕೊಂಡವು.

## ಪಿರಮಿಡ್ ಸೂತ್ರ ಅಂದರೆ ಏನು?

ಟಿಪ್ಪಣಿಯ ತುದಿಯಲ್ಲಿ ಒಂದೇ ಒಂದು ಮಾತು ಇರುತ್ತದೆ: ನಿಮ್ಮ ಉತ್ತರ. ಅದನ್ನು ಓದಿದ ಕೂಡಲೇ ಓದುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸಾಮಾನ್ಯವಾಗಿ ಅದು 'ಯಾಕೆ?' ಅಥವಾ 'ಹೇಗೆ?'. ಕೆಳಗಿನ ಸಾಲಿನ ಮೂರ್ನಾಲ್ಕು ಮಾತುಗಳು ಸೇರಿ ಆ ಪ್ರಶ್ನೆಗೆ ಜವಾಬು ಕೊಡುತ್ತವೆ. ಆ ಒಂದೊಂದು ಮಾತೂ ಮತ್ತೆ ಒಂದು ಪ್ರಶ್ನೆ ಎಬ್ಬಿಸುತ್ತದೆ. ಅದರ ಜವಾಬು ಇನ್ನೂ ಕೆಳಗಿನ ಸಾಲಿನಲ್ಲಿ, ಅಂಕಿ ಮತ್ತು ಪುರಾವೆಯಾಗಿ ಇರುತ್ತದೆ.

ಹಾಗಾಗಿ 'ಕೊನೆಯ ಪ್ಯಾರಾವನ್ನು ಎತ್ತಿ ಮೇಲೆ ಹಾಕಿದರೆ ಆಯಿತು' ಅಂತ ತಿಳಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಮೇಲಿನ ಮಾತು ಎಬ್ಬಿಸುವ ಪ್ರಶ್ನೆಗೆ ಕೆಳಗಿನ ಮಾತು ನಿಜವಾಗಿ ಜವಾಬು ಕೊಡುತ್ತಿದೆಯಾ ಅನ್ನುವುದೇ ಮುಖ್ಯ. ಉತ್ತರ ಮೇಲೆ ಇದ್ದು, ಕೆಳಗಿನ ಕಾರಣಗಳು ಹಳೆಯ ಕ್ರಮದಲ್ಲೇ ಚೆಲ್ಲಾಪಿಲ್ಲಿ ಬಿದ್ದಿದ್ದರೆ ಓದುವವರಿಗೆ ಏನೂ ಲಾಭವಿಲ್ಲ.

## ಇದು ಎಲ್ಲಿಂದ ಬಂತು?

ಬಾರ್ಬರಾ ಮಿಂಟೊ ಎಂಬ ಅಮೆರಿಕನ್ ಮಹಿಳೆಯಿಂದ. ಹಾರ್ವರ್ಡ್‌ನಲ್ಲಿ ಎಂಬಿಎ ಮುಗಿಸಿ 1963ರಲ್ಲಿ ಮೆಕಿನ್ಸಿ ಸಲಹಾ ಸಂಸ್ಥೆಯ ಕ್ಲೀವ್‌ಲ್ಯಾಂಡ್ ಕಚೇರಿ ಸೇರಿದರು. ಆ ಸಂಸ್ಥೆ ಕೆಲಸಕ್ಕೆ ತೆಗೆದುಕೊಂಡ ಮೊದಲ ಮಹಿಳಾ ಎಂಬಿಎ ಅವರೇ. 1966ರಲ್ಲಿ ಲಂಡನ್‌ಗೆ ಹೋಗಿ, ಯುರೋಪಿನ ಕಚೇರಿಗಳ ಸಲಹೆಗಾರರು ಬರೆಯುತ್ತಿದ್ದ ವರದಿಗಳನ್ನು ತಿದ್ದುವ ಕೆಲಸ ವಹಿಸಿಕೊಂಡರು. 1973ರಲ್ಲಿ ಹೊರಬಂದು ಇದನ್ನೇ ಸ್ವತಂತ್ರವಾಗಿ ಕಲಿಸಲು ಶುರು ಮಾಡಿದರು.

ಆ ವರದಿಗಳಲ್ಲಿ ಅವರ ಕಣ್ಣಿಗೆ ಬಿದ್ದ ಮುಖ್ಯ ತೊಡಕು ಭಾಷೆಯದಲ್ಲ. ವಾಕ್ಯಗಳು ಸರಿಯಾಗಿಯೇ ಇದ್ದವು, ಯೋಚನೆಗಳ ಜೋಡಣೆ ಕೆಟ್ಟಿತ್ತು. ನಮ್ಮ ಕಚೇರಿ ಟಿಪ್ಪಣಿಗಳಲ್ಲೂ ಬಹುಪಾಲು ಇದೇ ತೊಂದರೆ ಅನ್ನುವುದು ನನ್ನ ಅನುಭವ.

## ಉದಾಹರಣೆ ಯಾವುದು?

ತುಮಕೂರಿನಲ್ಲಿ ರಸ್ಕ್, ಚಿಪ್ಸ್, ಖಾರದ ತಿಂಡಿ ಮಾಡುವ ಒಂದು ಕಂಪನಿ ಇದೆ ಅಂದುಕೊಳ್ಳಿ. ಹುಬ್ಬಳ್ಳಿ-ಧಾರವಾಡದಲ್ಲಿ ಅದರ ಮಾರಾಟ ಒಂದು ವರ್ಷದಲ್ಲಿ ತಿಂಗಳಿಗೆ ₹40 ಲಕ್ಷದಿಂದ ₹31 ಲಕ್ಷಕ್ಕೆ ಇಳಿದಿದೆ. ಏನು ಮಾಡಬೇಕು ಅಂತ ಎಂಡಿ ಕೇಳಿದ್ದಾರೆ. ಸೇಲ್ಸ್ ಮ್ಯಾನೇಜರ್ ವಿಷಯ ಪರಿಶೀಲಿಸಿ ಟಿಪ್ಪಣಿ ಬರೆಯಬೇಕು.

ಅವರ ಮೊದಲ ಕರಡು ಹೀಗೆ ಶುರುವಾಗುತ್ತದೆ:

> ತಾವು ಸೂಚಿಸಿದಂತೆ ಕಳೆದ ತಿಂಗಳು ನಮ್ಮ ತಂಡ ಹುಬ್ಬಳ್ಳಿ-ಧಾರವಾಡಕ್ಕೆ ಭೇಟಿ ನೀಡಿತು. ಆರ್ಡರ್ ಕಡಿಮೆ ಮಾಡಿದ 60 ಅಂಗಡಿಗಳನ್ನು ಮಾತಾಡಿಸಲಾಯಿತು. ಸದ್ಯ ನಮ್ಮ ಲಾರಿ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹೊರಡುತ್ತದೆ. ಸ್ಥಳೀಯ ಪೈಪೋಟಿದಾರರು ಮರುದಿನವೇ ಮಾಲು ಕೊಡುತ್ತಿದ್ದಾರೆ. ಸೇಲ್ಸ್ ಹುಡುಗರ ಉತ್ಸಾಹ ಕುಗ್ಗಿದೆ. ನಂತರ ಮೂರು ಆಯ್ಕೆಗಳನ್ನು ಹೋಲಿಸಲಾಯಿತು…

ಇದು ಹೀಗೇ ಎರಡು ಪುಟ ಸಾಗಿ, ಕೊನೆಯ ಸಾಲಿನಲ್ಲಿ 'ಆದ್ದರಿಂದ ಹುಬ್ಬಳ್ಳಿಯಲ್ಲಿ ಗೋಡೌನ್ ತೆರೆಯುವುದು ಸೂಕ್ತವೆಂದು ಅಭಿಪ್ರಾಯಪಡಲಾಗಿದೆ' ಅನ್ನುತ್ತದೆ. ಬರೆದವರು ತಾವು ಕೆಲಸ ಮಾಡಿದ ಕ್ರಮವನ್ನೇ ಕಾಗದಕ್ಕೆ ಇಳಿಸಿದ್ದಾರೆ. ಎಂಡಿ ಒಂದೊಂದು ಸಾಲು ಓದುವಾಗಲೂ 'ಇದನ್ನು ನನಗೆ ಯಾಕೆ ಹೇಳುತ್ತಿದ್ದಾರೆ?' ಅಂತ ಊಹಿಸಬೇಕು. ಉತ್ಸಾಹ ಕುಗ್ಗಿದ್ದು ಓದಿ, ಇವರು ಸಂಬಳ ಏರಿಸಲು ಕೇಳುತ್ತಾರೇನೋ ಅಂದುಕೊಳ್ಳಬಹುದು. ಗೋಡೌನ್ ವಿಷಯ ಬರುವ ಹೊತ್ತಿಗೆ ಹಿಂದಿನ ಅಂಕಿಗಳನ್ನು ಹುಡುಕಲು ಮತ್ತೆ ಮೊದಲ ಪುಟಕ್ಕೇ ಹೋಗಬೇಕು.

## 'ಉತ್ತರ' ಅಂತ ಬರೆಯುವ ವಾಕ್ಯ ಹೇಗಿರಬೇಕು?

ಓದಿದವರು 'ಸರಿ' ಅಥವಾ 'ಬೇಡ' ಅನ್ನಲು ಆಗುವಂತೆ ಇರಬೇಕು. 'ಹುಬ್ಬಳ್ಳಿ ಮಾರುಕಟ್ಟೆಯಲ್ಲಿ ಹಲವು ಸವಾಲುಗಳಿವೆ' ಅನ್ನುವುದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಹಾಗಾಗಿ ಅದು ಉತ್ತರವಲ್ಲ. 'ವಿತರಣೆ ಸುಧಾರಿಸಬೇಕು' ಅನ್ನುವುದೂ ಅಷ್ಟೇ. ಅದಕ್ಕೆ ಎಂಡಿ ಸಹಿ ಹಾಕಿದರೂ ನಾಳೆ ಬೆಳಿಗ್ಗೆ ಯಾರು ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ಒಳ್ಳೆಯ ವಾಕ್ಯ ಹೀಗಿರುತ್ತದೆ: 'ಏಪ್ರಿಲ್ 1ರಿಂದ ಹುಬ್ಬಳ್ಳಿಯಲ್ಲಿ ಬಾಡಿಗೆ ಗೋಡೌನ್ ತೆರೆಯೋಣ, ಇದಕ್ಕೆ ತಿಂಗಳಿಗೆ ₹2 ಲಕ್ಷ ಮಂಜೂರು ಬೇಕು.' ಏನು, ಎಲ್ಲಿ, ಯಾವಾಗಿನಿಂದ, ಎಷ್ಟು ದುಡ್ಡು ಅನ್ನುವುದೆಲ್ಲ ಇದೆ. ಹಣದ ಅಂಕಿಯನ್ನು ಕೆಳಗೆ ಬಚ್ಚಿಡಬೇಡಿ. ಓದುವವರು ಮೊದಲು ಹುಡುಕುವುದು ಅದನ್ನೇ.

ಒಂದು ಎಚ್ಚರಿಕೆ ಇದೆ. ಉತ್ತರ ಎಂಡಿ ಕೇಳಿದ ಪ್ರಶ್ನೆಗೇ ಇರಬೇಕು. ಅವರು ಕೇಳಿದ್ದು 'ಮಾರಾಟ ಯಾಕೆ ಇಳಿಯಿತು?' ಅಂತ ಮಾತ್ರ ಆಗಿದ್ದರೆ, ತುದಿಯಲ್ಲಿ ಇರಬೇಕಾದ್ದು 'ಮಾಲು ತಡವಾಗಿ ತಲುಪುತ್ತಿರುವುದೇ ಮುಖ್ಯ ಕಾರಣ' ಅನ್ನುವ ಮಾತು. ಆಗ ಗೋಡೌನ್ ಮುಂದಿನ ಪ್ರಶ್ನೆಯಾಗುತ್ತದೆ. ಕೇಳದ ಪ್ರಶ್ನೆಗೆ ಎಷ್ಟೇ ಚೆಂದದ ಪಿರಮಿಡ್ ಕಟ್ಟಿದರೂ ಅದು ವಾಪಸ್ ಬರುತ್ತದೆ.

## ಹಿನ್ನೆಲೆ ಹೇಳದೆ ನೇರ ಉತ್ತರ ಕೊಟ್ಟರೆ ಅರ್ಥವಾಗುತ್ತದೆಯೇ?

ಸ್ವಲ್ಪ ಪೀಠಿಕೆ ಬೇಕು. ಮಿಂಟೊ ಅದಕ್ಕೂ ಒಂದು ಕ್ರಮ ಹೇಳಿದ್ದಾರೆ. ಮೊದಲು ಇದ್ದ ಸ್ಥಿತಿ, ಆಮೇಲೆ ಅದರಲ್ಲಿ ಬಂದ ತೊಡಕು, ಅದರಿಂದ ಹುಟ್ಟಿದ ಪ್ರಶ್ನೆ, ನಂತರ ಉತ್ತರ. ಮೊದಲ ಮೂರೂ ಸೇರಿ ಎರಡು ಮೂರು ವಾಕ್ಯ ದಾಟಬಾರದು.

ನಮ್ಮ ಉದಾಹರಣೆಯಲ್ಲಿ: 'ಹುಬ್ಬಳ್ಳಿ-ಧಾರವಾಡದಲ್ಲಿ ಕಳೆದ ವರ್ಷ ತಿಂಗಳಿಗೆ ₹40 ಲಕ್ಷ ಮಾರುತ್ತಿದ್ದೆವು. ಈಗ ಅದು ₹31 ಲಕ್ಷ. ಕಳೆದುಕೊಂಡದ್ದನ್ನು ಹೇಗೆ ಮರಳಿ ಪಡೆಯುವುದು ಅಂತ ತಾವು ಕೇಳಿದ್ದಿರಿ.' ಇಷ್ಟು ಸಾಕು.

ಪೀಠಿಕೆಯಲ್ಲಿ ಓದುವವರಿಗೆ ಈಗಾಗಲೇ ಗೊತ್ತಿರುವ, ಅವರು ತಕರಾರಿಲ್ಲದೆ ಒಪ್ಪುವ ಸಂಗತಿ ಮಾತ್ರ ಇರಬೇಕು. 'ತಡವೇ ಇದಕ್ಕೆ ಕಾರಣ' ಅಂತ ಪೀಠಿಕೆಯಲ್ಲೇ ಸೇರಿಸಿದರೆ, ಸಾಬೀತು ಮಾಡಬೇಕಾದ ಮಾತನ್ನು ಸುಮ್ನೆ ಒಳಗೆ ನುಸುಳಿಸಿದಂತಾಗುತ್ತದೆ. ಅದು ಕೆಳಗಿನ ಸಾಲಿಗೆ ಸೇರಿದ್ದು.

## ನನ್ನ ಹತ್ತಿರ ಒಂಬತ್ತು-ಹತ್ತು ಅಂಶಗಳಿವೆ. ಗುಂಪು ಮಾಡುವುದು ಹೇಗೆ?

ಈ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಇದೇ ಹಂತ. ಸೇಲ್ಸ್ ಮ್ಯಾನೇಜರ್ ತಮ್ಮ ಕರಡಿನ ಅಂಶಗಳನ್ನೆಲ್ಲ ಬಿಡಿ ಚೀಟಿಗಳಲ್ಲಿ ಬರೆದುಕೊಂಡರು ಅಂದುಕೊಳ್ಳಿ:

ಮಾರಾಟ ₹9 ಲಕ್ಷ ಇಳಿದಿದೆ. 60 ಅಂಗಡಿಗಳಲ್ಲಿ 43 ಮಂದಿ 'ಮಾಲು ಹೊತ್ತಿಗೆ ಬರುವುದಿಲ್ಲ' ಅಂದರು, 9 ಮಂದಿ ಬೆಲೆ ಅಂದರು, 8 ಮಂದಿ ಬೇರೆ ಬೇರೆ ಕಾರಣ ಹೇಳಿದರು. ಲಾರಿ ವಾರಕ್ಕೆ ಎರಡೇ ಸಲ. ಪೈಪೋಟಿದಾರರು ಮರುದಿನ ಕೊಡುತ್ತಾರೆ. ದಾವಣಗೆರೆಗೆ ನಮ್ಮ ಲಾರಿ ದಿನಾ ಹೋಗುತ್ತದೆ. ಅದೇ ಬೆಲೆ, ಅದೇ ಮಾಲು, ಅಲ್ಲಿ ಮಾರಾಟ ಇಳಿದಿಲ್ಲ. ಗೋಡೌನ್ ಖರ್ಚು ತಿಂಗಳಿಗೆ ₹2 ಲಕ್ಷ. ಹುಬ್ಬಳ್ಳಿಯಲ್ಲಿ ಅಂಗಡಿ ಅಂಗಡಿಗೆ ಮಾಲು ಇಳಿಸಲು ಟ್ರಾನ್ಸ್‌ಪೋರ್ಟ್‌ನವರಿಗೆ ಈಗ ₹1.1 ಲಕ್ಷ ಕೊಡುತ್ತಿದ್ದೇವೆ. ಡಿಸ್ಟ್ರಿಬ್ಯೂಟರ್ ಮಾರಾಟದ ಮೇಲೆ ಶೇ. 8 ಕೇಳುತ್ತಾರೆ. ಸೇಲ್ಸ್ ಹುಡುಗರಿಗೆ ಬೇಸರ.

ಈಗ ಒಂದೊಂದು ಚೀಟಿ ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಬೇಕು: 'ಗೋಡೌನ್ ತೆರೆಯೋಣ ಅಂದಾಗ ಎಂಡಿ "ಯಾಕೆ?" ಅನ್ನುತ್ತಾರೆ. ಈ ಚೀಟಿ ಆ "ಯಾಕೆ"ಯ ಯಾವ ಭಾಗಕ್ಕೆ ಜವಾಬು?'

ಮೊದಲ ಚೀಟಿ, ಅಂದರೆ ಮಾರಾಟ ಇಳಿದದ್ದು, ಯಾವ ಭಾಗಕ್ಕೂ ಜವಾಬಲ್ಲ. ಅದು ಎಂಡಿಗೆ ಗೊತ್ತಿರುವ ತೊಡಕು. ಪೀಠಿಕೆಗೆ ಹೋಯಿತು. ಇದನ್ನು ಮೊದಲ ಕಾರಣವಾಗಿ ಬರೆಯುವ ತಪ್ಪು ಬಹಳ ಸಾಮಾನ್ಯ. ಮಾರಾಟ ಇಳಿದಿದೆ ಅನ್ನುವ ಒಂದೇ ಕಾರಣಕ್ಕೆ ಯಾರೂ ಗೋಡೌನ್ ತೆರೆಯುವುದಿಲ್ಲ ಅಲ್ವಾ?

43 ಅಂಗಡಿಯವರ ಮಾತು ಮತ್ತು ದಾವಣಗೆರೆಯ ಚೀಟಿ ಒಟ್ಟಿಗೆ ನಿಲ್ಲುತ್ತವೆ. ಎರಡೂ ಸೇರಿ ಒಂದು ಮಾತು ಹೇಳುತ್ತವೆ: ಮಾರಾಟ ಇಳಿಯಲು ತಡವೇ ಮುಖ್ಯ ಕಾರಣ. ದಾವಣಗೆರೆಯದು ಇಲ್ಲಿ ಹೆಚ್ಚು ಬಲವಾದ ಪುರಾವೆ ಅನ್ನುವುದನ್ನೂ ಗಮನಿಸಿ. ಅಂಗಡಿಯವರು ಬಾಯಿಮಾತಿಗೆ ಏನಾದರೂ ಹೇಳಬಹುದು. ಆದರೆ ಬೆಲೆ, ರುಚಿ ಎಲ್ಲ ಒಂದೇ ಇದ್ದು ತಡ ಮಾತ್ರ ಇಲ್ಲದ ಊರಿನಲ್ಲಿ ಮಾರಾಟ ಇಳಿಯದೆ ನಿಂತಿದೆ ಅಂದರೆ, ಬೆಟ್ಟು ತಡದ ಕಡೆಗೇ ತೋರಿಸುತ್ತದೆ.

ಲಾರಿಯ ದಿನಗಳು, ಪೈಪೋಟಿದಾರರ ಮರುದಿನದ ವಿತರಣೆ, ಡಿಸ್ಟ್ರಿಬ್ಯೂಟರ್, ಇವು ಇನ್ನೊಂದು ಗುಂಪು. ಶುಕ್ರವಾರ ಸಂಜೆ ಬಂದ ಆರ್ಡರ್ ಮಂಗಳವಾರದ ಲಾರಿಗೆ ಕಾಯುತ್ತದೆ, ಬುಧವಾರ ಅಂಗಡಿ ಸೇರುತ್ತದೆ: ಐದು ದಿನ. ವಾರಕ್ಕೆ ಇನ್ನೊಂದು ಲಾರಿ ಸೇರಿಸಿದರೂ ಕೆಲವು ಆರ್ಡರ್‌ಗಳು ಮೂರು ದಿನ ಕಾಯಲೇಬೇಕು. ಡಿಸ್ಟ್ರಿಬ್ಯೂಟರ್ ಮರುದಿನ ತಲುಪಿಸಬಲ್ಲರು. ಆದರೆ ಈಗಿನ ₹31 ಲಕ್ಷದ ಮೇಲೆ ಶೇ. 8 ಅಂದರೆ ₹2.48 ಲಕ್ಷ. ಅದು ಗೋಡೌನ್ ಖರ್ಚಿಗಿಂತ ಜಾಸ್ತಿ, ಮಾರಾಟ ಏರಿದಂತೆ ಇನ್ನೂ ಏರುತ್ತದೆ. ಇವೆಲ್ಲದರ ಸಾರ: ಮರುದಿನ ಮಾಲು ತಲುಪಿಸಲು ಗೋಡೌನ್ ಅತಿ ಕಡಿಮೆ ಖರ್ಚಿನ ದಾರಿ.

ಉಳಿದ ಖರ್ಚಿನ ಚೀಟಿಗಳು ಮೂರನೇ ಗುಂಪು. ₹2 ಲಕ್ಷ ಖರ್ಚಿನಲ್ಲಿ ಟ್ರಾನ್ಸ್‌ಪೋರ್ಟ್‌ನ ₹1.1 ಲಕ್ಷ ಉಳಿಯುತ್ತದೆ. ನಿಜವಾದ ಹೆಚ್ಚುವರಿ ಹೊರೆ ₹90,000. ನೂರು ರೂಪಾಯಿ ಮಾರಾಟಕ್ಕೆ ಇಪ್ಪತ್ತು ರೂಪಾಯಿ ಕಂಪನಿಗೆ ಉಳಿಯುತ್ತದೆ ಅಂದರೆ, ₹4.5 ಲಕ್ಷದ ಮಾರಾಟ ಮರಳಿದರೆ ಖರ್ಚು ಸರಿಹೋಗುತ್ತದೆ. ಕಳೆದುಕೊಂಡ ₹9 ಲಕ್ಷದಲ್ಲಿ ಅರ್ಧ.

ಹುಡುಗರ ಬೇಸರದ ಚೀಟಿ ಯಾವ ಗುಂಪಿಗೂ ಸೇರಲಿಲ್ಲ. ಅದು ಸುಳ್ಳಲ್ಲ, ಆದರೆ ಈ ಉತ್ತರಕ್ಕೆ ಆಸರೆಯಲ್ಲ. ಅದನ್ನು ಬಿಡಬೇಕು. ಕಷ್ಟಪಟ್ಟು ತಂದ ಮಾಹಿತಿಯನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ, ನಿಜ. ಆದರೂ ಬಿಡಬೇಕು.

## ಗುಂಪು ಸರಿಯಾಗಿದೆಯೇ ಅಂತ ತಿಳಿಯುವುದು ಹೇಗೆ?

ಮೊದಲು, ಗುಂಪಿನ ಎಲ್ಲ ಮಾತುಗಳಿಗೂ ಒಂದೇ ಹೆಸರು ಹೊಂದುತ್ತದೆಯೇ ನೋಡಿ. 'ಕಾರಣಗಳು', 'ಹೆಜ್ಜೆಗಳು', 'ಅಪಾಯಗಳು' ಹೀಗೆ. ಮೂರು ಕಾರಣಗಳ ನಡುವೆ 'ಮುಂದಿನ ವಾರ ಜಾಗ ನೋಡಬೇಕು' ಅಂತ ಒಂದು ಹೆಜ್ಜೆ ಕೂತಿದ್ದರೆ ಅದು ದಾರಿ ತಪ್ಪಿ ಬಂದದ್ದು.

ಆಮೇಲೆ ಒಂದು ಕಾರಣದ ಮೇಲೆ ಬೆರಳಿಟ್ಟು ಮುಚ್ಚಿ ನೋಡಿ. ಉಳಿದ ಎರಡೇ ಸಾಕು ಅನ್ನಿಸಿದರೆ, ಮುಚ್ಚಿದ್ದು ಇನ್ನೊಂದರ ಒಳಗೇ ಅಡಗಿದೆ ಅಂತ ಅರ್ಥ. 'ಖರ್ಚು ಕಡಿಮೆ' ಮತ್ತು 'ಲಾಭ ಬರುತ್ತದೆ' ಅಂತ ಎರಡು ಕಾರಣ ಬರೆಯುವವರು ಬಹಳ. ಬಿಡಿಸಿ ನೋಡಿದರೆ ಎರಡರ ಕೆಳಗೂ ಅದೇ ಅಂಕಿಗಳಿರುತ್ತವೆ.

ಕೊನೆಗೆ, ಬಿಟ್ಟುಹೋದದ್ದು ಏನು ಅಂತ ಕೇಳಿಕೊಳ್ಳಬೇಕು. ಮೂರೂ ಕಾರಣ ನಿಜ ಅಂತ ಒಪ್ಪಿಕೊಂಡ ಮೇಲೂ ಎಂಡಿ 'ಬೇಡ' ಅನ್ನಲು ಸಾಧ್ಯವೇ? ಇಲ್ಲಿ ಸಾಧ್ಯ. 'ಮಾರಾಟ ಮರಳದಿದ್ದರೆ ಗೋಡೌನ್ ನಮ್ಮ ತಲೆಗೆ ಕಟ್ಟಿಕೊಳ್ಳುತ್ತದಲ್ಲ?' ಅನ್ನಬಹುದು. ಹಾಗಾಗಿ ನಾಲ್ಕನೇ ಕಾರಣ ಬೇಕು: ಕೈಗೂಡದಿದ್ದರೆ ಹೊರಬರುವ ದಾರಿ ಇದೆ. ಬಾಡಿಗೆ ಕರಾರು 11 ತಿಂಗಳಿನದು, ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ₹3 ಲಕ್ಷದ ಅಡ್ವಾನ್ಸ್ ವಾಪಸ್ ಬರುತ್ತದೆ.

ಒಂದರ ಮೇಲೊಂದು ಬೀಳಬಾರದು, ಯಾವುದೂ ಬಿಟ್ಟುಹೋಗಬಾರದು. ಸಲಹಾ ಸಂಸ್ಥೆಗಳಲ್ಲಿ ಇದನ್ನೇ 'ಮೀಸಿ' ಅನ್ನುತ್ತಾರೆ.

## ಎಷ್ಟು ಕಾರಣ ಇರಬಹುದು? ಯಾವುದು ಮೊದಲು?

ಮೂರು ಅಥವಾ ನಾಲ್ಕು. ಐದು ದಾಟಿದರೆ ಇನ್ನೂ ಗುಂಪು ಮಾಡುವುದು ಬಾಕಿ ಇದೆ ಅಂತ ತಿಳಿಯಿರಿ. ಮನುಷ್ಯನ ತಕ್ಷಣದ ನೆನಪು ಏಳರ ಆಸುಪಾಸಿನ ಸಂಗತಿಗಳನ್ನು ಹಿಡಿಯುತ್ತದೆ ಅಂತ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಆ ಅಂಕಿಯನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು.

ಕ್ರಮಕ್ಕೆ ಒಂದು ತರ್ಕ ಇರಲಿ. ಹೆಜ್ಜೆಗಳಾದರೆ ಕಾಲದ ಕ್ರಮ. ಊರು, ವಿಭಾಗಗಳಾದರೆ ಅವು ಇರುವ ಕ್ರಮ. ಕಾರಣಗಳಾದರೆ ಹೆಚ್ಚು ತೂಕದ್ದು ಮೊದಲು. ನಮ್ಮ ಉದಾಹರಣೆಯಲ್ಲಿ ತಡದ ಕಾರಣ ಮೊದಲು ಬರಲೇಬೇಕು, ಯಾಕೆಂದರೆ ಅದು ಸುಳ್ಳಾದರೆ ಉಳಿದ ಮೂರಕ್ಕೂ ಅರ್ಥವಿಲ್ಲ.

## 'ಇದು ನಿಜ, ಅದು ನಿಜ, ಆದ್ದರಿಂದ ಹೀಗೆ' ಅನ್ನುವ ಸರಪಳಿ ತರ್ಕ ಬಳಸಬಾರದೇ?

ಒಂದು ಕಾರಣದ ಒಳಗೆ ಧಾರಾಳವಾಗಿ ಬಳಸಿ. ಟಿಪ್ಪಣಿಯ ಮುಖ್ಯ ಸಾಲಿಗೆ ಮಾತ್ರ ಬೇಡ ಅನ್ನುವುದು ಮಿಂಟೊ ಅವರ ಸಲಹೆ, ನನ್ನದೂ ಕೂಡ. ಸರಪಳಿಯಲ್ಲಿ ಓದುವವರು ಕೊನೆಯ ಕೊಂಡಿಯವರೆಗೆ ಕಾಯಬೇಕು. ಜೊತೆಗೆ ಒಂದು ಕೊಂಡಿಯನ್ನು ಅವರು ಒಪ್ಪದಿದ್ದರೆ ಇಡೀ ವಾದ ಅಲ್ಲೇ ಕಳಚುತ್ತದೆ. ಒಟ್ಟೊಟ್ಟಿಗೆ ನಿಂತ ಕಾರಣಗಳಲ್ಲಿ ಒಂದು ಸ್ವಲ್ಪ ದುರ್ಬಲವಾದರೂ ಉತ್ತರ ಉಳಿಯುವ ಸಾಧ್ಯತೆ ಇದೆ.

ಒಂದು ಸಂದರ್ಭದಲ್ಲಿ ಸರಪಳಿಯೇ ಮೇಲು. ನಿಮ್ಮ ಉತ್ತರ ಓದುವವರ ಗಟ್ಟಿ ನಂಬಿಕೆಗೆ ಪೂರ್ತಿ ವಿರುದ್ಧವಾಗಿದ್ದಾಗ, ಅವರನ್ನು ಒಂದೊಂದೇ ಹೆಜ್ಜೆ ಕರೆದೊಯ್ಯಬೇಕಾಗುತ್ತದೆ. ಆಗಲೂ ಉತ್ತರ ಮೊದಲ ಸಾಲಿನಲ್ಲೇ ಇರಲಿ.

## ನನ್ನ ಉತ್ತರಕ್ಕೆ ವಿರುದ್ಧವಾದ ಅಂಕಿ ಸಿಕ್ಕರೆ ಅದನ್ನು ಎಲ್ಲಿ ಇಡಬೇಕು?

ಉತ್ತರ ಮೊದಲು ಅನ್ನುವ ಪದ್ಧತಿಯ ದೊಡ್ಡ ಅಪಾಯ ಇಲ್ಲೇ ಇದೆ. ತುದಿಯಲ್ಲಿ ಗಟ್ಟಿಯಾಗಿ ಒಂದು ಮಾತು ಬರೆದ ಮೇಲೆ, ಅದಕ್ಕೆ ಹೊಂದದ ಅಂಕಿ ಸೇರಿಸಲು ಕೈ ಹಿಂಜರಿಯುತ್ತದೆ. ಪಿರಮಿಡ್ ಚೊಕ್ಕವಾಗಿ ಕಾಣಲಿ ಅಂತ ಅಂಕಿಯನ್ನು ಕೈಬಿಟ್ಟರೆ ಅದು ಮೋಸವೇ.

ನಮ್ಮ ಸೇಲ್ಸ್ ಮ್ಯಾನೇಜರ್‌ಗೆ ಹೀಗೊಂದು ಅಂಕಿ ಸಿಕ್ಕಿತು ಅಂದುಕೊಳ್ಳಿ. ಧಾರವಾಡದ ಕಾಲೇಜುಗಳ ಸುತ್ತಲಿನ ಅಂಗಡಿಗಳಿಗೆ ಮಾಲು ಹೊತ್ತಿಗೇ ಹೋಗುತ್ತಿದೆ. ಆದರೂ ಅಲ್ಲಿ ತಿಂಗಳಿಗೆ ₹2 ಲಕ್ಷ ಮಾರಾಟ ಇಳಿದಿದೆ. ಪೈಪೋಟಿದಾರರು ₹5ರ ಪೊಟ್ಟಣ ಬಿಟ್ಟಿದ್ದಾರೆ, ನಮ್ಮದರಲ್ಲಿ ₹10ಕ್ಕಿಂತ ಚಿಕ್ಕದಿಲ್ಲ. ಗೋಡೌನ್ ತೆರೆದರೂ ಈ ₹2 ಲಕ್ಷ ಮರಳುವುದಿಲ್ಲ.

ಇದನ್ನು ಅಡಿಟಿಪ್ಪಣಿಗೆ ತಳ್ಳುವಂತಿಲ್ಲ, ಯಾಕೆಂದರೆ ಇದು ಮೂರನೇ ಕಾರಣವನ್ನೇ ಬದಲಿಸುತ್ತದೆ. ಗೋಡೌನ್‌ನಿಂದ ಮರಳಬಹುದಾದದ್ದು ₹9 ಲಕ್ಷವಲ್ಲ, ₹7 ಲಕ್ಷ. ಅದರಲ್ಲಿ ₹4.5 ಲಕ್ಷ ಬರಬೇಕು. 'ಅರ್ಧ ಮರಳಿದರೆ ಸಾಕು' ಅನ್ನುವ ಮಾತು 'ಸುಮಾರು ಮೂರರಲ್ಲಿ ಎರಡು ಪಾಲು ಮರಳಬೇಕು' ಅಂತ ಆಗುತ್ತದೆ. ಅದು ಸಣ್ಣ ವ್ಯತ್ಯಾಸವಲ್ಲ. ಆಗ ತುದಿಯ ಮಾತನ್ನೂ ತಿದ್ದಬೇಕು: ಖಚಿತವಾಗಿ ತೆರೆಯೋಣ ಅನ್ನುವುದಕ್ಕಿಂತ, ಆರು ತಿಂಗಳ ನಂತರ ಪರಿಶೀಲಿಸುವ ಷರತ್ತಿನ ಮೇಲೆ ತೆರೆಯೋಣ ಅನ್ನುವುದು ಪ್ರಾಮಾಣಿಕ.

ಕೆಳಗಿನ ಸಾಲು ಬದಲಾದಾಗ ಮೇಲಿನ ಸಾಲೂ ಬದಲಾಗಬೇಕು. ಬದಲಾಗದೆ ನಿಂತಿದ್ದರೆ, ಕೆಳಗಿನವು ಮೇಲಿನದಕ್ಕೆ ನಿಜವಾದ ಆಸರೆ ಆಗಿರಲೇ ಇಲ್ಲ.

## ಕೊನೆಗೆ ಟಿಪ್ಪಣಿ ಹೇಗೆ ಕಾಣುತ್ತದೆ?

> ವಿಷಯ: ಏಪ್ರಿಲ್ 1ರಿಂದ ಹುಬ್ಬಳ್ಳಿಯಲ್ಲಿ ಬಾಡಿಗೆ ಗೋಡೌನ್ ತೆರೆಯಲು ತಿಂಗಳಿಗೆ ₹2 ಲಕ್ಷದ ಮಂಜೂರಾತಿ
>
> ಮೇಡಂ,
>
> ಹುಬ್ಬಳ್ಳಿ-ಧಾರವಾಡದಲ್ಲಿ ನಮ್ಮ ಮಾರಾಟ ಒಂದು ವರ್ಷದಲ್ಲಿ ತಿಂಗಳಿಗೆ ₹40 ಲಕ್ಷದಿಂದ ₹31 ಲಕ್ಷಕ್ಕೆ ಇಳಿದಿದೆ. ಅದನ್ನು ಮರಳಿ ಪಡೆಯುವ ದಾರಿ ಕೇಳಿದ್ದಿರಿ.
>
> ಏಪ್ರಿಲ್ 1ರಿಂದ ಹುಬ್ಬಳ್ಳಿಯಲ್ಲಿ ಬಾಡಿಗೆ ಗೋಡೌನ್ ತೆರೆಯೋಣ. ತಿಂಗಳಿಗೆ ₹2 ಲಕ್ಷ ಮತ್ತು ಒಂದು ಸಲಕ್ಕೆ ₹3 ಲಕ್ಷ ಅಡ್ವಾನ್ಸ್ ಬೇಕು. ಆರು ತಿಂಗಳ ನಂತರ ಮುಂದುವರಿಸಬೇಕೇ ಅಂತ ಪರಿಶೀಲಿಸೋಣ. ಇದಕ್ಕೆ ನಾಲ್ಕು ಕಾರಣಗಳಿವೆ.
>
> 1. ಇಳಿದ ₹9 ಲಕ್ಷದಲ್ಲಿ ಸುಮಾರು ₹7 ಲಕ್ಷಕ್ಕೆ ಮಾಲು ತಡವಾಗುವುದೇ ಕಾರಣ. ಆರ್ಡರ್ ಕಡಿಮೆ ಮಾಡಿದ 60 ಅಂಗಡಿಗಳಲ್ಲಿ 43 ಇದನ್ನೇ ಹೇಳಿವೆ. ದಿನಾ ಲಾರಿ ಹೋಗುವ ದಾವಣಗೆರೆಯಲ್ಲಿ ಅದೇ ಬೆಲೆಗೆ ಮಾರಾಟ ಇಳಿದಿಲ್ಲ. ಉಳಿದ ₹2 ಲಕ್ಷ ಪೈಪೋಟಿದಾರರ ₹5ರ ಪೊಟ್ಟಣದಿಂದ ಹೋಗಿದೆ. ಗೋಡೌನ್ ಅದನ್ನು ಮರಳಿಸುವುದಿಲ್ಲ.
>
> 2. ಮರುದಿನ ಮಾಲು ತಲುಪಿಸಲು ಗೋಡೌನ್ ಅತಿ ಕಡಿಮೆ ಖರ್ಚಿನ ದಾರಿ. ವಾರಕ್ಕೆ ಮೂರನೇ ಲಾರಿ ಬಿಟ್ಟರೂ ಕೆಲವು ಆರ್ಡರ್‌ಗಳು ಮೂರು ದಿನ ಕಾಯುತ್ತವೆ. ಡಿಸ್ಟ್ರಿಬ್ಯೂಟರ್ ಮರುದಿನ ಕೊಡಬಲ್ಲರು, ಆದರೆ ಈಗಿನ ಮಾರಾಟಕ್ಕೇ ₹2.48 ಲಕ್ಷ ಆಗುತ್ತದೆ.
>
> 3. ತಿಂಗಳಿಗೆ ₹4.5 ಲಕ್ಷ ಮಾರಾಟ ಮರಳಿದರೆ ಖರ್ಚು ಸರಿಹೋಗುತ್ತದೆ. ಟ್ರಾನ್ಸ್‌ಪೋರ್ಟ್‌ನಲ್ಲಿ ₹1.1 ಲಕ್ಷ ಉಳಿಯುವುದರಿಂದ ನಿಜವಾದ ಹೊರೆ ₹90,000. ಮಾರಾಟದ ಶೇ. 20 ನಮಗೆ ಉಳಿಯುತ್ತದೆ.
>
> 4. ಕೈಗೂಡದಿದ್ದರೆ ಎರಡು ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು. ಕರಾರು 11 ತಿಂಗಳಿನದು. ಅಡ್ವಾನ್ಸ್ ವಾಪಸ್ ಬರುತ್ತದೆ.
>
> ಈ ತಿಂಗಳ ಕೊನೆಯೊಳಗೆ ಒಪ್ಪಿಗೆ ಸಿಕ್ಕರೆ ಏಪ್ರಿಲ್ 1ಕ್ಕೆ ಶುರು ಮಾಡಬಹುದು.

ಉತ್ತರದ ವಾಕ್ಯ ಮತ್ತು ನಾಲ್ಕೂ ಕಾರಣಗಳ ಮೊದಲ ವಾಕ್ಯಗಳನ್ನು ಮಾತ್ರ ಓದಿ ನೋಡಿ. ಅಷ್ಟರಿಂದಲೇ ಪೂರ್ತಿ ವಾದ ಅರ್ಥವಾಗಬೇಕು. ಸ್ಲೈಡ್‌ಗಳಿಗೂ ಇದೇ ಪರೀಕ್ಷೆ. ಸ್ಲೈಡ್‌ನ ತಲೆಬರಹ 'ಖರ್ಚಿನ ವಿವರ' ಅಂತ ಇದ್ದರೆ ಅದು ಡಬ್ಬಿಯ ಮೇಲಿನ ಚೀಟಿ ಇದ್ದಂತೆ. ಒಳಗೆ ಏನು ಸಿಕ್ಕಿತು ಅಂತ ಹೇಳುವುದಿಲ್ಲ. '₹4.5 ಲಕ್ಷ ಮರಳಿದರೆ ಖರ್ಚು ಸರಿಹೋಗುತ್ತದೆ' ಅಂತ ಪೂರ್ತಿ ವಾಕ್ಯವನ್ನೇ ತಲೆಬರಹ ಮಾಡಿ. 'ಮೂರು ಸಮಸ್ಯೆಗಳು ಕಂಡುಬಂದಿವೆ' ಅನ್ನುವುದೂ ಖಾಲಿ ಮಾತು. ಆ ಮೂರೂ ಸೇರಿ ಏನು ಹೇಳುತ್ತವೆ ಅನ್ನುವುದನ್ನು ಬರೆಯಿರಿ.

## ಹಿರಿಯರ ಮುಂದೆ ನೇರವಾಗಿ ಉತ್ತರ ಹೇಳಿದರೆ ಒರಟು ಅನ್ನಿಸುವುದಿಲ್ಲವೇ?

ಈ ಅಳುಕು ನಮ್ಮಲ್ಲಿ ನಿಜವಾಗಿ ಇದೆ. 'ಅವರೇ ತೀರ್ಮಾನಿಸಲಿ, ನಾನು ವಿಷಯ ಮುಂದಿಡುತ್ತೇನೆ' ಅನ್ನುವುದು ಮರ್ಯಾದೆ ಅಂತ ಬೆಳೆದು ಬಂದವರು ನಾವು. ಆದರೆ ಮರ್ಯಾದೆ ಇರಬೇಕಾದದ್ದು ಮಾತಿನ ಧಾಟಿಯಲ್ಲಿ. ಅದಕ್ಕಾಗಿ ಉತ್ತರವನ್ನು ಮುಚ್ಚಿಡಬೇಕಿಲ್ಲ. 'ತೆರೆಯೋಣ ಅಂತ ನನ್ನ ಶಿಫಾರಸು, ತಮ್ಮ ಒಪ್ಪಿಗೆ ಬೇಕು' ಅಂದರೆ ಅದರಲ್ಲಿ ಒರಟುತನವಿಲ್ಲ. ತೀರ್ಮಾನ ಅವರದೇ.

ಕನ್ನಡದ ವಾಕ್ಯರಚನೆಯಿಂದಲೂ ಒಂದು ತೊಡಕು ಬರುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಮಾಲು ತಡವಾಗುತ್ತಿರುವುದರಿಂದಲೂ, ಡಿಸ್ಟ್ರಿಬ್ಯೂಟರ್ ದುಬಾರಿಯಾಗಿರುವುದರಿಂದಲೂ, ಖರ್ಚು ಸರಿಹೋಗುವುದರಿಂದಲೂ ಗೋಡೌನ್ ತೆರೆಯಬಹುದು' ಅಂತ ಬರೆದರೆ ಉತ್ತರ ಮೊದಲ ವಾಕ್ಯದಲ್ಲೇ ಇದ್ದರೂ ಕೊನೆಗೇ ಸಿಗುತ್ತದೆ. ವಾಕ್ಯ ಒಡೆಯಿರಿ. 'ಗೋಡೌನ್ ತೆರೆಯೋಣ.' ಪೂರ್ಣವಿರಾಮ. ಕಾರಣಗಳು ಮುಂದಿನ ವಾಕ್ಯಗಳಲ್ಲಿ ಬರಲಿ. ಹಾಗೆಯೇ 'ಸೂಕ್ತವೆಂದು ಅಭಿಪ್ರಾಯಪಡಲಾಗಿದೆ' ಅನ್ನುವ ಕಡೆ ಯಾರ ಅಭಿಪ್ರಾಯ ಅಂತಲೇ ಗೊತ್ತಾಗುವುದಿಲ್ಲ. 'ನನ್ನ ಶಿಫಾರಸು' ಅನ್ನಿ.

## ಸರ್ಕಾರಿ ಕಚೇರಿಯಲ್ಲಿ ಕಡತದ ನಮೂನೆಯೇ ಬೇರೆ. ಅಲ್ಲಿ ಏನು ಮಾಡುವುದು?

ಕಡತದ ಟಿಪ್ಪಣಿಯಲ್ಲಿ ಹಿನ್ನೆಲೆ, ನಿಯಮ, ಹಿಂದಿನ ಆದೇಶ ಎಲ್ಲ ಬಂದು, ಕೊನೆಗೆ ಪ್ರಸ್ತಾವ ಇಟ್ಟು ಆದೇಶಕ್ಕೆ ಸಲ್ಲಿಸುವುದು ರೂಢಿ. ಅದನ್ನು ಒಬ್ಬರೇ ಬದಲಿಸಲು ಹೋಗಬೇಡಿ. ಆ ದಾಖಲೆಯನ್ನು ಮುಂದೆ ಆಡಿಟ್‌ನವರೂ ಓದುತ್ತಾರೆ, ಅವರಿಗೆ ಕ್ರಮ ಬೇಕು. ಆದರೆ 'ವಿಷಯ' ಅನ್ನುವ ಸಾಲು ನಿಮ್ಮ ಕೈಯಲ್ಲಿದೆ. 'ಗೋಡೌನ್ ಕುರಿತು' ಅಂತ ಬರೆಯುವ ಬದಲು ಏನನ್ನು, ಎಷ್ಟು ಮೊತ್ತಕ್ಕೆ ಮಂಜೂರು ಕೇಳುತ್ತಿದ್ದೀರಿ ಅಂತ ಅಲ್ಲೇ ಬರೆಯಬಹುದು.

## ಉತ್ತರ ನನಗೇ ಇನ್ನೂ ಗೊತ್ತಿಲ್ಲದಿದ್ದರೆ?

ಎರಡು ಸಾಧ್ಯತೆ ಇವೆ. ಮಾಹಿತಿ ಸಾಕಷ್ಟಿದ್ದು ಬರೆಯಲು ಅಳುಕು ಇದ್ದರೆ, ಚೀಟಿಗಳನ್ನು ಹರವಿ ಕೆಳಗಿನಿಂದ ಮೇಲೆ ಹೋಗಿ. ಒಂದೊಂದು ಗುಂಪಿನ ಮೇಲೂ 'ಹಾಗಾದರೆ ಏನು?' ಅಂತ ಕೇಳಿ ಒಂದು ವಾಕ್ಯ ಬರೆಯಿರಿ. ಆ ವಾಕ್ಯಗಳ ಮೇಲೆ ಮತ್ತೊಮ್ಮೆ ಅದೇ ಪ್ರಶ್ನೆ ಕೇಳಿ. ಯೋಚಿಸುವುದು ಕೆಳಗಿನಿಂದ, ಹೇಳುವುದು ಮೇಲಿನಿಂದ.

ನಿಜವಾಗಿಯೂ ಮಾಹಿತಿ ಸಾಲದಿದ್ದರೆ, ಅದೇ ಉತ್ತರ: 'ಗೋಡೌನ್ ಬಗ್ಗೆ ಈಗ ತೀರ್ಮಾನ ಬೇಡ. ಒಂದು ತಿಂಗಳು ದಿನಾ ಲಾರಿ ಬಿಟ್ಟು ಮಾರಾಟ ಮರಳುತ್ತದೆಯೇ ನೋಡೋಣ, ಅದಕ್ಕೆ ಇಷ್ಟು ಖರ್ಚು.' ಇದಕ್ಕೂ 'ಸರಿ' ಅಥವಾ 'ಬೇಡ' ಅನ್ನಬಹುದು.

## ಈ ಪದ್ಧತಿ ಎಲ್ಲಿ ಹೊಂದುವುದಿಲ್ಲ?

ಎಲ್ಲರೂ ಸೇರಿ ದಾರಿ ಹುಡುಕುವ ಸಭೆಯಲ್ಲಿ ಹೊಂದುವುದಿಲ್ಲ. ನೀವು ಉತ್ತರ ಹೇಳಿದ ಕೂಡಲೇ ಉಳಿದವರು ಅದರ ಪರ ಅಥವಾ ವಿರುದ್ಧ ಮಾತಾಡಲು ಶುರು ಮಾಡುತ್ತಾರೆ, ಹೊಸ ಯೋಚನೆ ನಿಲ್ಲುತ್ತದೆ. ಅಪಘಾತದ ತನಿಖೆಯಲ್ಲಿ ಯಾವ ಹೊತ್ತಿಗೆ ಏನಾಯಿತು ಅನ್ನುವುದೇ ಮುಖ್ಯ, ಅದರ ಕ್ರಮ ಒಡೆಯಬಾರದು. ಬೇಕಿದ್ದರೆ ಮೇಲೊಂದು ಸಾರಾಂಶ ಇಡಿ. ಯಾರನ್ನಾದರೂ ಕೆಲಸದಿಂದ ತೆಗೆಯುವ ಸುದ್ದಿಯನ್ನು ಅವರಿಗೇ ಹೇಳುವಾಗ ಸುತ್ತಿ ಬಳಸುವುದು ತಪ್ಪು. ಆದರೆ ಅಲ್ಲಿ ನಾಲ್ಕು ಕಾರಣಗಳ ಪಟ್ಟಿ ಓದುವುದೂ ತಪ್ಪು.

## ಎದುರಿಗೆ ಹೇಳುವಾಗ ಮೊದಲ ವಾಕ್ಯಕ್ಕೇ ತಡೆದು 'ಬೇಡ' ಅಂದರೆ?

ಮೊದಲ ವಾಕ್ಯಕ್ಕೇ ತಕರಾರು ಬಂದರೆ ಗಾಬರಿ ಬೇಡ. ತಕರಾರು ಯಾವ ಕಾರಣಕ್ಕೆ ಸೇರಿದ್ದು ಅಂತ ಗುರುತಿಸಿ, ನೇರ ಅಲ್ಲಿಗೆ ಹೋಗಿ. 'ಖರ್ಚು ಜಾಸ್ತಿ' ಅಂದರೆ ಮೂರನೆಯದು. 'ಡಿಸ್ಟ್ರಿಬ್ಯೂಟರ್‌ಗೆ ಕೊಟ್ಟರಾಗದೇ?' ಅಂದರೆ ಎರಡನೆಯದು. ಒಂದರಿಂದ ಶುರು ಮಾಡಿ ನಾಲ್ಕರವರೆಗೆ ಓದಿಯೇ ತೀರುತ್ತೇನೆ ಅಂತ ಹಟ ಹಿಡಿಯಬೇಡಿ. ಅವರ ತಕರಾರು ನಾಲ್ಕರಲ್ಲಿ ಯಾವುದಕ್ಕೂ ಸೇರದಿದ್ದರೆ, ಉದಾಹರಣೆಗೆ 'ಮುಂದಿನ ವರ್ಷ ಬೆಳಗಾವಿಯಲ್ಲೇ ಇನ್ನೊಂದು ಫ್ಯಾಕ್ಟರಿ ಯೋಚನೆ ಇದೆ' ಅಂದರೆ, ನಿಮಗೆ ಗೊತ್ತಿಲ್ಲದ ಐದನೇ ಸಂಗತಿ ಸಿಕ್ಕಿತು. ಅದನ್ನು ಬರೆದುಕೊಂಡು, ಆ ಫ್ಯಾಕ್ಟರಿ ಯಾವಾಗ ಶುರುವಾಗಬಹುದು ಅಂತ ಕೇಳಿ. 11 ತಿಂಗಳ ಒಳಗೆ ಶುರುವಾಗುವುದಿಲ್ಲ ಅಂದರೆ ನಿಮ್ಮ ಶಿಫಾರಸು ಹಾಗೆಯೇ ನಿಲ್ಲುತ್ತದೆ. ಅದಕ್ಕಿಂತ ಮೊದಲೇ ಅಂದರೆ, ಗೋಡೌನ್ ಬದಲು ಅಷ್ಟು ತಿಂಗಳ ಮಟ್ಟಿಗೆ ಡಿಸ್ಟ್ರಿಬ್ಯೂಟರ್ ಲೆಕ್ಕವನ್ನು ಹೊಸದಾಗಿ ಹಾಕಬೇಕು.